ಹುಡುಕುವವರ ಮಾತಿನಲ್ಲೇ ಶೀರ್ಷಿಕೆ

ಮಲೆನಾಡಿನ ಒಂದು ಅಡಿಕೆ ಸೊಸೈಟಿ ತನ್ನ ಜಾಲತಾಣಕ್ಕೆ ಒಂದು ಪುಟ ಬರೆಸುತ್ತಿದೆ ಎಂದುಕೊಳ್ಳಿ. ಮಳೆಗಾಲದಲ್ಲಿ ಕೊನೆಗೆ ಬರುವ ಕೊಳೆ ರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅದನ್ನು ಮಾಡುವ ಕ್ರಮ. ವಿಷಯ ಗೊತ್ತಿರುವವರೇ ಬರೆದಿದ್ದಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಕೂಡದು, ಮಾಡಿದ ದಿನವೇ ಹೊಡೆದು ಮುಗಿಸಬೇಕು. ಎಲ್ಲ ಸರಿ. ಪುಟದ ತಲೆಯ ಮೇಲೆ ಮಾತ್ರ ಹೀಗಿದೆ: ‘ಅಡಿಕೆ ಬೆಳೆಯಲ್ಲಿ ಶಿಲೀಂಧ್ರಜನ್ಯ ರೋಗಗಳ ಸಮಗ್ರ ನಿರ್ವಹಣೆ’.

ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ತೋಟದ ಬದುವಿನ ಮೇಲೆ ನಿಂತು ಫೋನ್ ತೆಗೆದ ಬೆಳೆಗಾರ ‘ಶಿಲೀಂಧ್ರಜನ್ಯ’ ಎಂದು ಟೈಪ್ ಮಾಡುವುದಿಲ್ಲ. ಅವನು ಏನು ಟೈಪ್ ಮಾಡುತ್ತಾನೆ ಎಂಬುದು ಗೊತ್ತಾದರೆ ಶೀರ್ಷಿಕೆಯ ಮುಕ್ಕಾಲು ಕೆಲಸ ಮುಗಿದಂತೆ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದನ್ನು ತಿಳಿಯಲು ಕೀವರ್ಡ್ ಟೂಲ್‌ಗಳಿವೆ. ಜಾಹೀರಾತುದಾರರಿಗಾಗಿ ಗೂಗಲ್ ನಡೆಸುವ ಕೀವರ್ಡ್ ಪ್ಲಾನರ್‌ನಲ್ಲಿ ಒಂದು ಪದಪುಂಜ ಕೊಟ್ಟರೆ ತಿಂಗಳಿಗೆ ಅದನ್ನು ಸುಮಾರು ಎಷ್ಟು ಬಾರಿ ಹುಡುಕುತ್ತಾರೆ ಎಂಬ ಅಂದಾಜು ಸಿಗುತ್ತದೆ. ಅದೇ ಟೂಲ್‌ಗೆ ಕನ್ನಡ ಲಿಪಿಯಲ್ಲಿ ‘ಬೋರ್ಡೋ ದ್ರಾವಣ ಮಾಡುವುದು ಹೇಗೆ’ ಎಂಬಂಥ ಸಾಲು ಕೊಟ್ಟರೆ ಸಾಮಾನ್ಯವಾಗಿ ಅಂಕಿಯ ಜಾಗದಲ್ಲಿ ಒಂದು ಅಡ್ಡಗೆರೆ. ಗೂಗಲ್ ಟ್ರೆಂಡ್ಸ್‌ಗೆ ಹೋದರೆ ಸಾಕಷ್ಟು ದತ್ತಾಂಶವಿಲ್ಲ ಎಂಬ ಉತ್ತರ. ಇದನ್ನು ನೋಡಿ ‘ಕನ್ನಡದಲ್ಲಿ ಯಾರೂ ಹುಡುಕುವುದೇ ಇಲ್ಲ’ ಎಂದು ತೀರ್ಮಾನಿಸುವವರು ಬಹಳ. ಆ ಗೆರೆಗೆ ಸೊನ್ನೆ ಎಂಬ ಅರ್ಥವಿಲ್ಲ. ಲೆಕ್ಕ ತೋರಿಸುವಷ್ಟು ದೊಡ್ಡ ಅಂಕಿ ಟೂಲ್‌ನ ಬಳಿ ಇಲ್ಲ ಎಂದಷ್ಟೇ. ತಮ್ಮಲ್ಲಿಗೆ ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಬಾರದವು ಎಂದು ಗೂಗಲ್ಲೇ ಹೇಳಿಕೊಂಡಿದೆ. ಒಂದೇ ಮಾತನ್ನು ಊರಿಗೊಂದು ರೀತಿ ಬರೆಯುವ ನಮ್ಮಲ್ಲಿ ಹುಡುಕಾಟ ಹತ್ತಾರು ರೂಪಗಳಲ್ಲಿ ಹಂಚಿಹೋಗುತ್ತದೆ. ಯಾವ ಒಂದು ರೂಪವೂ ಟೂಲ್‌ನ ಕಣ್ಣಿಗೆ ಬೀಳುವಷ್ಟು ಬೆಳೆಯುವುದಿಲ್ಲ.

ಅಂಕಿ ಇಲ್ಲದಿದ್ದರೂ ಮಾತು ಸಿಗುವ ಜಾಗ ಒಂದಿದೆ, ಅದೂ ಬಿಟ್ಟಿಯಾಗಿ. ಸರ್ಚ್ ಬಾಕ್ಸ್‌ನಲ್ಲಿ ನಾಲ್ಕು ಅಕ್ಷರ ಒತ್ತುತ್ತಿದ್ದಂತೆ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ. ಗೂಗಲ್ ಇದನ್ನು 2004ರ ಡಿಸೆಂಬರ್‌ನಲ್ಲಿ ‘ಗೂಗಲ್ ಸಜೆಸ್ಟ್’ ಎಂಬ ಹೆಸರಲ್ಲಿ ಪ್ರಯೋಗವಾಗಿ ಶುರುಮಾಡಿತು. 2008ರಲ್ಲಿ ಅದು ಮುಖಪುಟಕ್ಕೇ ಬಂತು. ಈಗ ಆಟೋಕಂಪ್ಲೀಟ್ ಎನ್ನುತ್ತಾರೆ. ಪಟ್ಟಿಯಲ್ಲಿ ಬರುವ ಸಾಲುಗಳು ಬಹುಮಟ್ಟಿಗೆ ಬೇರೆಯವರು ನಿಜವಾಗಿ ಹುಡುಕಿದವು. ಹುಡುಕುವವರ ಭಾಷೆ, ಅವರಿರುವ ಜಾಗ, ಆ ಹೊತ್ತಿನಲ್ಲಿ ಜೋರಾಗಿರುವ ವಿಷಯ, ಅವರದೇ ಹಳೆಯ ಹುಡುಕಾಟ, ಇಷ್ಟನ್ನೂ ನೋಡಿ ಪಟ್ಟಿ ತಯಾರಾಗುತ್ತದೆ.

ಈ ಕೊನೆಯ ಮಾತೇ ಮೊದಲ ಎಚ್ಚರಿಕೆ. ಸೊಸೈಟಿಯ ಪುಟ ಬರೆದವರು ತಿಂಗಳಿನಿಂದ ತಾವೇ ‘ಸಮಗ್ರ ನಿರ್ವಹಣೆ’ ಎಂದು ಹುಡುಕುತ್ತಿದ್ದರೆ ಪಟ್ಟಿ ಅವರ ಮಾತನ್ನೇ ಅವರಿಗೆ ತಿರುಗಿಸಿ ಒಪ್ಪಿಸುತ್ತದೆ. ಆದ್ದರಿಂದ ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿ ತೆರೆದು, ಯಾವ ಖಾತೆಗೂ ಲಾಗಿನ್ ಆಗದೆ ಕೆಲಸ ಶುರುಮಾಡಬೇಕು. ಹಾಗೆ ಮಾಡಿದರೂ ಜಾಗದ ಪ್ರಭಾವ ಪೂರ್ತಿ ಹೋಗುವುದಿಲ್ಲ. ಬೆಂಗಳೂರಲ್ಲಿ ಕೂತವರಿಗೂ ಶಿರಸಿಯಲ್ಲಿ ಕೂತವರಿಗೂ ಬೇರೆ ಪಟ್ಟಿ ಬರಬಹುದು. ಊರಿನ ಜಾಲತಾಣವನ್ನು ಅಮೆರಿಕದಿಂದಲೋ ದುಬೈಯಿಂದಲೋ ನೋಡಿಕೊಳ್ಳುವ ಕನ್ನಡಿಗರಿಗಂತೂ ಇದು ದೊಡ್ಡ ತೊಡಕು. ಭಾಷೆ, ದೇಶ ಎರಡನ್ನೂ ವಿಳಾಸದಲ್ಲೇ ಹೇಳಿ ಫಲಿತಾಂಶದ ಪುಟ ತೆರೆದು, ಅಲ್ಲಿರುವ ಸರ್ಚ್ ಬಾಕ್ಸ್‌ನಲ್ಲಿ ಮುಂದಿನ ಟೈಪಿಂಗ್ ಮಾಡಿದರೆ ಸ್ವಲ್ಪ ಹತ್ತಿರ ಬರಬಹುದು:

```
https://www.google.com/search?q=ಅಡಿಕೆ+ಕೊಳೆ+ರೋಗ&hl=kn&gl=in
```

ಇಲ್ಲಿ `hl` ಎಂದರೆ ಭಾಷೆ, `gl` ಎಂದರೆ ದೇಶ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ತೋಟವಿರುವ ಊರಿನ ಯಾರಿಗಾದರೂ ಫೋನ್ ಮಾಡಿ, ಅವರ ಮೊಬೈಲಿನಲ್ಲಿ ಟೈಪ್ ಮಾಡಿಸಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳುವುದು.

ಇನ್ನು ಟೈಪ್ ಮಾಡುವ ಬಗೆ. ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುವ ಕ್ರಮ ಕನ್ನಡಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಒಂದು ಪದ ಬರೆದು, ಜಾಗ ಬಿಟ್ಟು, ಎ ಬಿ ಸಿ ಎಂದು ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗುತ್ತಾರೆ. ನಮ್ಮಲ್ಲಿ ಜಾಗ ಬಿಡುವುದಕ್ಕೂ ಬಿಡದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ‘ಅಡಿಕೆ’ ಎಂದು ಬರೆದು ಜಾಗ ಬಿಟ್ಟರೆ ಅದರ ಪಕ್ಕದಲ್ಲಿ ಕೂರುವ ಪದಗಳು ಬರುತ್ತವೆ: ಅಡಿಕೆ ಬೆಲೆ, ಅಡಿಕೆ ಧಾರಣೆ, ಅಡಿಕೆ ತೋಟ, ಅಡಿಕೆ ಗಿಡ ಎಂಬಂಥವು. ಜಾಗ ಬಿಡದೆ ಹಾಗೇ ನಿಂತರೆ ವಿಭಕ್ತಿ ಹತ್ತಿದ ರೂಪಗಳಿಗೂ ಬಾಗಿಲು ತೆರೆದಿರುತ್ತದೆ: ಅಡಿಕೆಗೆ, ಅಡಿಕೆಯ, ಅಡಿಕೆಯಲ್ಲಿ. ಹುಡುಕುವವನ ಉದ್ದೇಶ ಹೆಚ್ಚಾಗಿ ಈ ಪ್ರತ್ಯಯದಲ್ಲೇ ಅಡಗಿರುತ್ತದೆ. ‘ಕೊಳೆ ರೋಗ’ ಎಂದವನಿಗೆ ಏನು ಬೇಕೋ ಗೊತ್ತಿಲ್ಲ. ‘ಕೊಳೆ ರೋಗಕ್ಕೆ’ ಎಂದವನಿಗೆ ಔಷಧಿ ಬೇಕು. ಎರಡನೆಯ ರೂಪ ಪಟ್ಟಿಯಲ್ಲಿ ಕಾಣಿಸಿದರೆ ಅದು ಶೀರ್ಷಿಕೆಗೆ ನೇರವಾಗಿ ಒದಗುವ ಸರಕು. ಹಾಗಾಗಿ ಪ್ರತಿ ಮುಖ್ಯ ಪದವನ್ನೂ ಎರಡು ಸಲ ಟೈಪ್ ಮಾಡಿ, ಒಮ್ಮೆ ಜಾಗ ಬಿಟ್ಟು, ಒಮ್ಮೆ ಬಿಡದೆ. ಎರಡೂ ಪಟ್ಟಿಯನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಜಾಗ ಬಿಟ್ಟ ಮೇಲೆ ಕ, ಗ, ತ, ಬ ಎಂದು ಮೂಲ ವ್ಯಂಜನ ಸೇರಿಸುತ್ತಾ ಹೋಗಬಹುದು. ಇಡೀ ಕಾಗುಣಿತ ಒತ್ತಬೇಕಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ‘ತು’ ಅಂದರೆ ‘ತ’, ಅದರ ಹಿಂದೆ ಒಂದು ಉಕಾರದ ಚಿಹ್ನೆ. ಹೀಗಾಗಿ ‘ತ’ ಒತ್ತಿದಾಗಲೇ ತಯಾರಿಕೆ, ತುತ್ತ, ತೋಟ ಎಲ್ಲವೂ ಬರಲು ಅವಕಾಶವಿದೆ. ಪಟ್ಟಿಯಲ್ಲಿ ಹೆಚ್ಚೆಂದರೆ ಹತ್ತು ಸಾಲಿಗೆ ಜಾಗ. ಒಂದೇ ಬಗೆಯ ಸಾಲುಗಳಿಂದ ಅದು ತುಂಬಿಹೋದರೆ ಆಗ ತಾ, ತು, ತೋ ಎಂದು ಬಿಡಿಸಿ ನೋಡಿ. ಸ್ವರಗಳನ್ನು ಮಾತ್ರ ಒಂದೊಂದಾಗಿಯೇ ಒತ್ತಬೇಕು. ‘ಎ’ ಒತ್ತಿದರೆ ‘ಎಷ್ಟು’ ಎಂದು ಕೇಳುವವರು ಸಿಗಬಹುದು, ‘ಹ’ ಒತ್ತಿದರೆ ‘ಹೇಗೆ’ ಎಂದು ಕೇಳುವವರು. ಪ್ರಶ್ನೆಯ ಪದ ಕನ್ನಡದಲ್ಲಿ ಸಾಮಾನ್ಯವಾಗಿ ಸಾಲಿನ ಕೊನೆಗೆ ಬರುವುದರಿಂದ ಈ ಎರಡು ಅಕ್ಷರಗಳನ್ನು ಬಿಡಲೇಬಾರದು ಎನ್ನುವುದು ನನ್ನ ಅಭಿಪ್ರಾಯ.

ಪದದ ಹಿಂದೆ ಏನು ಬರುತ್ತದೆ ಎಂಬುದನ್ನು ಹೀಗೆ ತಿಳಿಯಬಹುದು. ಮುಂದೆ ಏನಿರುತ್ತದೆ ಎಂದು ತಿಳಿಯಲು ಕರ್ಸರ್ ಸರಿಸಬೇಕು. ‘ಬೋರ್ಡೋ ದ್ರಾವಣ’ ಎಂದು ಬರೆದು, ಕರ್ಸರನ್ನು ಸಾಲಿನ ಆರಂಭಕ್ಕೆ ತಂದು ಒಂದು ಜಾಗ ಕೊಟ್ಟು, ಅಲ್ಲಿಂದ ಅಕ್ಷರ ಒತ್ತುತ್ತಾ ಹೋಗಿ. ಗೂಗಲ್ ಕರ್ಸರ್ ಎಲ್ಲಿದೆ ಎಂಬುದನ್ನೂ ಗಮನಿಸುತ್ತದೆ. ‘ಅಡಿಕೆಗೆ ಬೋರ್ಡೋ ದ್ರಾವಣ’, ‘ಶೇ. 1ರ ಬೋರ್ಡೋ ದ್ರಾವಣ’ ಎಂಬಂಥ ಸಾಲುಗಳು ಸಿಕ್ಕರೆ ಈ ದಾರಿಯಲ್ಲೇ ಸಿಗಬೇಕು. ಕಂಪ್ಯೂಟರಿನಲ್ಲಿ ಇದು ಸಲೀಸು, ಫೋನಿನಲ್ಲಿ ಕರ್ಸರ್ ಸರಿಸುವುದೇ ಒಂದು ತಪಸ್ಸು.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಇಂಗ್ಲಿಷ್ ಅಕ್ಷರದ ಕನ್ನಡವನ್ನು. ‘adike kole roga aushadhi’ ಎಂದು ಟೈಪ್ ಮಾಡುವವರು ನಮ್ಮ ಸುತ್ತಲೇ ಇದ್ದಾರೆ. ಕೀಬೋರ್ಡ್ ಬದಲಿಸುವ ಸೋಮಾರಿತನ ಅನ್ನಿ, ಅಭ್ಯಾಸ ಅನ್ನಿ. ಕನ್ನಡ ಲಿಪಿಯಲ್ಲಿ ಖಾಲಿ ಬಂದ ಪಟ್ಟಿ ಈ ಲಿಪಿಯಲ್ಲಿ ಭರ್ತಿಯಾಗಿ ಬರಬಹುದು. ಪುಟಕ್ಕೆ ಇಂಗ್ಲಿಷ್ ಅಕ್ಷರದ ಶೀರ್ಷಿಕೆ ಕೊಡಿ ಎಂದು ನಾನು ಹೇಳುತ್ತಿಲ್ಲ, ಕನ್ನಡ ಪುಟದ ನೆತ್ತಿಯ ಮೇಲೆ ಅದು ಚೆನ್ನಾಗಿ ಕಾಣುವುದೂ ಇಲ್ಲ. ಆದರೆ ಆ ಪಟ್ಟಿಯಲ್ಲಿ ‘aushadhi’ ಇದೆಯೋ ‘maddu’ ಇದೆಯೋ ಎಂಬುದು ಕನ್ನಡದ ಶೀರ್ಷಿಕೆಗೆ ಬೇಕಾದ ಸುಳಿವು. ಶಿರಸಿ, ಸಾಗರದ ಕಡೆ ಔಷಧಿ ಹೊಡೆಯುತ್ತಾರೆ. ದಕ್ಷಿಣ ಕನ್ನಡದಲ್ಲಿ ಮದ್ದು ಬಿಡುತ್ತಾರೆ, ರೋಗವನ್ನು ಮಹಾಳಿ ಎಂದೂ ಕರೆಯುತ್ತಾರೆ. ಇಲಾಖೆಯ ಕರಪತ್ರ ಮಾತ್ರ ಸಿಂಪಡಣೆ ಮಾಡುತ್ತದೆ. ಸಾಧ್ಯವಾದರೆ ಇದೇ ಪದಗಳನ್ನು ಯೂಟ್ಯೂಬಿನ ಸರ್ಚ್ ಬಾಕ್ಸ್‌ನಲ್ಲೂ ಒಮ್ಮೆ ಒತ್ತಿ ನೋಡಿ. ಅದರ ಪಟ್ಟಿ ಬೇರೆಯೇ, ಮತ್ತು ಕೃಷಿಯ ವಿಷಯಕ್ಕೆ ಜನ ಅಲ್ಲಿಗೆ ಹೋಗುವುದು ಕಡಿಮೆಯೇನಲ್ಲ.

ಪಟ್ಟಿಯ ಕೆಲಸ ಮುಗಿದ ಮೇಲೆ ಒಂದೊಂದು ಸಾಲನ್ನೂ ಹುಡುಕಿ, ಫಲಿತಾಂಶದ ಪುಟದ ಬುಡಕ್ಕೆ ಇಳಿಯಿರಿ. ಅಲ್ಲಿ ಸಂಬಂಧಪಟ್ಟ ಹುಡುಕಾಟಗಳ ಒಂದು ಗುಂಪು ಇರುತ್ತದೆ, ಇಂಗ್ಲಿಷ್ ಪರದೆಯಲ್ಲಿ `People also search for` ಎಂದು ಕಾಣಿಸುತ್ತದೆ. ಮೇಲಿನ ಪಟ್ಟಿ ನೀವು ಬರೆದ ಅಕ್ಷರಗಳನ್ನು ಮುಂದುವರಿಸುತ್ತದೆ. ಇದಕ್ಕೆ ಆ ಕಟ್ಟುಪಾಡಿಲ್ಲ, ವಿಷಯ ಹತ್ತಿರವಿದ್ದರೆ ಸಾಕು, ಪದ ಪೂರ್ತಿ ಬೇರೆಯಾಗಿರಬಹುದು. ಇದರ ಬೆಲೆ ಇರುವುದು ಇಲ್ಲೇ. ‘ಕೊಳೆ ರೋಗ’ ಎಂದು ಎಷ್ಟು ಟೈಪ್ ಮಾಡಿದರೂ ಆಟೋಕಂಪ್ಲೀಟ್ ‘ಮಹಾಳಿ’ ಎಂಬ ಪದವನ್ನು ಕೊಡಲಾರದು, ಕೆಳಗಿನ ಗುಂಪು ಕೊಡಬಹುದು. ಸಿಕ್ಕ ಹೊಸ ಪದವನ್ನು ಮತ್ತೆ ಮೇಲಿನ ಸರ್ಚ್ ಬಾಕ್ಸ್‌ಗೆ ಹಾಕಿ. ಎರಡು ಮೂರು ಸುತ್ತು ಬಂದ ಮೇಲೆ ಹೊಸದೇನೂ ಸಿಗದೆ ಹಳೆಯವೇ ಮರುಕಳಿಸತೊಡಗುತ್ತವೆ. ಅಲ್ಲಿಗೆ ನಿಲ್ಲಿಸಿ.

ಈಗ ಜರಡಿ ಹಿಡಿಯಬೇಕು. ಕನ್ನಡದ ಮಟ್ಟಿಗೆ ಇದು ಅತಿ ಮುಖ್ಯ. ಹೆಚ್ಚು ಹುಡುಕಾಟ ಇಲ್ಲದ ಕಡೆ ಗೂಗಲ್ ಇಡೀ ಸಾಲನ್ನು ಊಹಿಸದೆ, ಜಾಲದಲ್ಲಿ ಬಳಕೆಯಲ್ಲಿರುವ ಪದಗಳ ಜೋಡಣೆ ನೋಡಿ ಕೊನೆಯ ಪದವನ್ನಷ್ಟೇ ತುಂಬಿಸುವುದೂ ಉಂಟು. ಆ ಸಾಲನ್ನು ಯಾರೂ ಹುಡುಕಿಯೇ ಇರಲಾರರು. ನಿಜವಾದದ್ದು ಯಾವುದು, ತುಂಬಿಸಿದ್ದು ಯಾವುದು ಎಂದು ಹೇಳಲು ಪಕ್ಕಾ ಗುರುತಿಲ್ಲ. ಆದರೂ ಒಂದು ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ: ಆ ಸಾಲು ಬೇರೆ ಬಾಗಿಲಿನಿಂದಲೂ ಬರುತ್ತದೆಯೇ? ‘ಬೋರ್ಡೋ ದ್ರಾವಣ ತಯಾರಿಸುವ ವಿಧಾನ’ ಎಂಬುದು ‘ಬೋರ್ಡೋ ದ್ರಾವಣ ತ’ ಎಂದಾಗ ಬಂತು. ಬರೀ ‘ಬೋರ್ಡೋ’ ಎಂದಾಗ ಬರುತ್ತದೆಯೇ? ಕೆಳಗಿನ ಗುಂಪಿನಲ್ಲಿದೆಯೇ? ಯೂಟ್ಯೂಬಿನಲ್ಲಿ? ಎರಡು ಕಡೆ ಕಂಡರೆ ನಂಬಬಹುದು. ಪೂರ್ತಿ ಟೈಪ್ ಮಾಡಿ ಕೊನೆಯ ಒಂದಕ್ಷರ ಉಳಿದಾಗ ಮಾತ್ರ ಬಂದದ್ದನ್ನು ಬದಿಗಿಡಿ.

ಇದೇ ಲೆಕ್ಕದಿಂದ ಎರಡು ಸಾಲುಗಳನ್ನು ತೂಗಿ ನೋಡಲೂ ಬಹುದು. ಅಂಕಿ ಸಿಗುವುದಿಲ್ಲ, ಆದರೆ ಎಷ್ಟು ಅಕ್ಷರ ಒತ್ತಿದ ಮೇಲೆ ಸಾಲು ಕಾಣಿಸಿತು ಎಂಬುದನ್ನು ಬರೆದಿಟ್ಟುಕೊಳ್ಳಬಹುದು. ‘ಅಡಿಕೆ ಕೊ’ ಎಂದಾಗಲೇ ‘ಅಡಿಕೆ ಕೊಳೆ ರೋಗ’ ಬಂದು, ‘ಅಡಿಕೆ ಮಹಾ’ ಎಂದರೂ ‘ಮಹಾಳಿ’ ಬಾರದಿದ್ದರೆ, ಮೊದಲನೆಯದೇ ಹೆಚ್ಚು ಬಳಕೆಯದು ಎಂದು ಹಿಡಿಯಬಹುದು. ಪಟ್ಟಿಯಲ್ಲಿ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ಅಷ್ಟು ಬೆಲೆ ಕೊಡಬೇಡಿ. ಬಾರದೇ ಇರುವುದಕ್ಕೂ ತೀರ ಅರ್ಥ ಹಚ್ಚಬೇಡಿ. ಅಪಾಯಕಾರಿ, ಅಶ್ಲೀಲ, ದ್ವೇಷ ತುಂಬಿದ ಸಾಲುಗಳನ್ನು ಗೂಗಲ್ ತಾನಾಗಿಯೇ ತಡೆಹಿಡಿಯುತ್ತದೆ. ವಿಷ, ಔಷಧಿ ಎಂಬ ಪದಗಳ ಸುತ್ತ ಒಳ್ಳೆಯ ಪ್ರಶ್ನೆಯೂ ಆ ಬಲೆಗೆ ಸಿಕ್ಕಿಬೀಳಬಹುದು.

ಉಳಿದ ಸಾಲುಗಳನ್ನು ಒಂದೊಂದಾಗಿ ಹುಡುಕಿ, ಬರುವ ಪುಟಗಳನ್ನು ಓದಬೇಕು. ಬರೀ ‘ಕೊಳೆ ರೋಗ’ ಎಂದರೆ ಶುಂಠಿಯ ಕೊಳೆ ರೋಗವೂ ಬರುತ್ತದೆ, ಕಾಫಿಯದೂ ಬರುತ್ತದೆ. ಕಾಫಿಯ ಕೊಳೆರೋಗ ಎಷ್ಟು ಹಳೆಯ ಮಾತೆಂದರೆ ಅದನ್ನು ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ ಈ ಕನ್ನಡ ಪದ ಸೇರಿಕೊಂಡಿದೆ. ಅಡಿಕೆಯ ಕೊಳೆ ರೋಗವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅವರೂ ಇಟ್ಟದ್ದು ಕೊಳೆರೋಗ ಎಂಬ ಹೆಸರನ್ನೇ. ಮೂರು ಬೆಳೆಯ ಜನ ಒಂದೇ ಪದ ಹುಡುಕುವಾಗ, ಶೀರ್ಷಿಕೆಯಲ್ಲಿ ‘ಅಡಿಕೆ’ ಎಂಬುದು ಇರಲೇಬೇಕು ಎಂದು ಈ ಓದಿನಿಂದ ಗೊತ್ತಾಗುತ್ತದೆ.

ಇನ್ನೊಂದು ಕಡೆ ಕೈ ಬಿಗಿ ಹಿಡಿಯಬೇಕು. ಪಟ್ಟಿಯಲ್ಲಿ ‘ಮೈಲುತುತ್ತ ಬೆಲೆ’, ‘ಸಬ್ಸಿಡಿ’ ಎಂಬವೂ ಬಂದಾವು. ಜನ ಹುಡುಕುತ್ತಾರಲ್ಲ ಎಂದು ಅವನ್ನೂ ತಲೆಬರಹಕ್ಕೆ ತುರುಕುವ ಆಸೆ ಬರುತ್ತದೆ. ಪುಟದಲ್ಲಿ ಬೆಲೆ ಇಲ್ಲ, ಸಬ್ಸಿಡಿ ವಿವರ ಇಲ್ಲ. ಬೆಲೆ ಕೇಳಿ ಬಂದವ ಒಂದು ಕ್ಷಣದಲ್ಲಿ ಹಿಂದಿರುಗುತ್ತಾನೆ, ಮುಂದಿನ ಸಲ ಸೊಸೈಟಿಯ ಹೆಸರು ಕಂಡರೂ ಒತ್ತುವುದಿಲ್ಲ. ಆ ಸಾಲುಗಳು ಮುಂದೆ ಬರೆಯಬೇಕಾದ ಬೇರೆ ಪುಟಗಳ ಪಟ್ಟಿಗೆ ಹೋಗಲಿ.

ಕೊನೆಗೆ ಸೊಸೈಟಿಯವರ ಮೇಜಿನ ಮೇಲೆ ಉಳಿದದ್ದು ಇಷ್ಟು ಎಂದುಕೊಳ್ಳೋಣ: ಅಡಿಕೆ ಕೊಳೆ ರೋಗಕ್ಕೆ ಔಷಧಿ, ಬೋರ್ಡೋ ದ್ರಾವಣ ತಯಾರಿಸುವ ವಿಧಾನ, 100 ಲೀಟರಿಗೆ ಎಷ್ಟು. ಪುಟದಲ್ಲಿರುವುದು ದ್ರಾವಣ ಮಾಡುವ ಕ್ರಮ. ಆದ್ದರಿಂದ ಎರಡನೆಯ ಸಾಲೇ ಬೆನ್ನೆಲುಬು, ಮೊದಲನೆಯದರಿಂದ ಬೆಳೆ ಮತ್ತು ರೋಗ, ಮೂರನೆಯದರಿಂದ ಪ್ರಮಾಣ. ಜೋಡಿಸಿದರೆ: ‘ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ವಿಧಾನ: 100 ಲೀಟರಿಗೆ ಎಷ್ಟು ತುತ್ತ, ಎಷ್ಟು ಸುಣ್ಣ’. ಓದಿದರೆ ಮನುಷ್ಯರು ಆಡುವ ಮಾತಿನಂತೆಯೇ ಇದೆ. ‘ಔಷಧಿ’, ‘ಮದ್ದು’, ‘ಮಹಾಳಿ’ ಎಲ್ಲವನ್ನೂ ಗೆರೆ ಹಾಕಿ ಸಾಲಾಗಿ ನಿಲ್ಲಿಸಿದ್ದರೆ ಹಾಗಿರುತ್ತಿರಲಿಲ್ಲ. ಅವಕ್ಕೆ ಪುಟದ ಮೊದಲ ಪ್ಯಾರಾದಲ್ಲಿ ಜಾಗ ಕೊಡಿ: ‘ದಕ್ಷಿಣ ಕನ್ನಡದಲ್ಲಿ ಮಹಾಳಿ ಎನ್ನುವ ಈ ರೋಗಕ್ಕೆ’ ಎಂದು ಶುರುಮಾಡಿದರೆ ಆಯಿತು. ಬೋರ್ಡೋ, ಬೋರ್ಡೊ ಎಂಬ ಕಾಗುಣಿತದ ಜಗಳವನ್ನೂ ಹೀಗೇ ಬಗೆಹರಿಸಬಹುದು, ಹೆಚ್ಚು ಕಂಡದ್ದು ಶೀರ್ಷಿಕೆಗೆ, ಇನ್ನೊಂದು ಒಳಗೆ ಒಂದು ಸಲ.

ಮುಖ್ಯ ಮಾತು ಸಾಲಿನ ಮೊದಲರ್ಧದಲ್ಲೇ ಬರಬೇಕು. ಫಲಿತಾಂಶದ ಪುಟದಲ್ಲಿ ಶೀರ್ಷಿಕೆಗೆ ಸಿಗುವ ಅಗಲ ಇಷ್ಟೇ ಎಂದಿರುತ್ತದೆ, ಕನ್ನಡದ ಅಕ್ಷರಗಳು ಇಂಗ್ಲಿಷಿನವಕ್ಕಿಂತ ಅಗಲ, ಬಾಲ ಬೇಗ ಕತ್ತರಿಸಿಹೋಗುತ್ತದೆ. ಮೇಲಿನ ಶೀರ್ಷಿಕೆಯಲ್ಲಿ ‘ಎಷ್ಟು ಸುಣ್ಣ’ ಹೋದರೂ ನಷ್ಟವಿಲ್ಲ. ಪುಟದ ಕೋಡಿನಲ್ಲಿ `<title>` ಒಳಗೆ ಬರೆದದ್ದನ್ನೇ ಗೂಗಲ್ ತೋರಿಸುತ್ತದೆ ಎಂಬ ಖಾತ್ರಿಯೂ ಇಲ್ಲ. ಅದು ಪುಟಕ್ಕೆ ಹೊಂದುತ್ತಿಲ್ಲ ಎನಿಸಿದರೆ ಒಳಗಿನ ದೊಡ್ಡ ತಲೆಬರಹವನ್ನು ಎತ್ತಿ ತೋರಿಸಬಹುದು. ಹಾಗಾಗಿ ಎರಡೂ ಕಡೆ ಒಂದೇ ಮಾತಿರುವುದು ಕ್ಷೇಮ.

ಪುಟ ಪ್ರಕಟವಾದ ಮೇಲೆ ಅಂಕಿಯೂ ಸಿಗತೊಡಗುತ್ತದೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಜಾಲತಾಣವನ್ನು ನೋಂದಾಯಿಸಿಟ್ಟರೆ, ಯಾವ ಹುಡುಕಾಟಕ್ಕೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದು 16 ತಿಂಗಳ ಹಿಂದಿನವರೆಗೂ ತೆರೆದಿರುತ್ತದೆ. ತೀರ ಕಡಿಮೆ ಜನ ಬಳಸಿದ ಸಾಲುಗಳನ್ನು ಖಾಸಗಿತನದ ಕಾರಣಕ್ಕೆ ಅಲ್ಲಿ ಮುಚ್ಚಿಡುತ್ತಾರೆ. ಆದ್ದರಿಂದ ಕನ್ನಡದ ಪುಟಗಳಲ್ಲಿ ಒಟ್ಟು ಮೊತ್ತಕ್ಕೂ ಸಾಲುಗಳನ್ನು ಕೂಡಿಸಿದ ಮೊತ್ತಕ್ಕೂ ದೊಡ್ಡ ಅಂತರ ಕಂಡರೆ ಗಾಬರಿ ಬೇಡ. ಉಳಿದ ಸಾಲುಗಳಲ್ಲಿ ಗಮನಿಸಬೇಕಾದದ್ದು, ಪುಟ ಬಹಳ ಸಲ ಕಾಣಿಸಿಯೂ ಯಾರೂ ಒತ್ತದ ಮಾತುಗಳನ್ನು. ಅಂಥ ಮಾತು ಪುಟದ ವಿಷಯವೇ ಆಗಿದ್ದು ಶೀರ್ಷಿಕೆಯಲ್ಲಿ ಇಲ್ಲದಿದ್ದರೆ, ಅದನ್ನು ತಂದು ಕೂರಿಸಿ. ವಿಷಯ ಬೇರೆಯಾಗಿದ್ದರೆ ಬೇರೆ ಪುಟ ಬರೆಯಿರಿ. ಅಡಿಕೆಯ ಔಷಧಿಗಂತೂ ಮುಂಗಾರು ಶುರುವಾಗುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಎಂಬ ಲೆಕ್ಕವಿದೆ. ಹುಡುಕಾಟವೂ ಅದೇ ಕಾಲಕ್ಕೆ ಏರುತ್ತದೆ. ಚಳಿಗಾಲದಲ್ಲಿ ಕೂತು ಸಂಗ್ರಹಿಸಿದ ಪಟ್ಟಿಯನ್ನು ಮೇ ತಿಂಗಳ ಕೊನೆಯಲ್ಲಿ ಇನ್ನೊಮ್ಮೆ ಟೈಪ್ ಮಾಡಿ ನೋಡಿ, ಶೀರ್ಷಿಕೆ ತಿದ್ದುವುದಿದ್ದರೆ ಮೊದಲ ಮಳೆಗೆ ಮುಂಚೆ ತಿದ್ದಿ. ಗೂಗಲ್ ಹೊಸ ಶೀರ್ಷಿಕೆಯನ್ನು ಗಮನಿಸಲು ಕೆಲವು ದಿನವಾದರೂ ಬೇಕು.